ಮೊದಲ ಬಿಲ್ಲಿಗೂ ಮೊದಲಿನ ಖರ್ಚು

ಪ್ರಶ್ನೆ: ಕಾರ್ಖಾನೆ ಕಟ್ಟುತ್ತಿದ್ದೇವೆ, ಮೊದಲ ಬಿಲ್ ಆಗುವುದಕ್ಕೆ ಇನ್ನೂ ನಾಲ್ಕೈದು ತಿಂಗಳು ಬೇಕು. ಅಲ್ಲಿಯವರೆಗಿನ ಖರ್ಚನ್ನೆಲ್ಲ ಪ್ರೀ-ಆಪರೇಟಿವ್ ವೆಚ್ಚ ಎಂದು ಒಂದೇ ಕಡೆ ಇಟ್ಟು, ಆಮೇಲೆ ಐದು ವರ್ಷ ಹಂಚಿ ಆದಾಯದಿಂದ ಕಳೆಯಬಹುದೇ?

2018ರಲ್ಲಿ ನಾನು ಮತ್ತು ನನ್ನ ಪಾಲುದಾರರು ರಟ್ಟಿನ ಪೆಟ್ಟಿಗೆ ತಯಾರಿಸುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಆರಂಭಿಸಿದಾಗ ಮಾಡಿದ್ದೂ ಇದನ್ನೇ. ಜೂನ್ ತಿಂಗಳಲ್ಲಿ ಶೆಡ್ಡನ್ನು ಬಾಡಿಗೆಗೆ ಹಿಡಿದೆವು. ಅಕ್ಟೋಬರಿನಲ್ಲಿ ಯಂತ್ರ ಬಂತು. ಡಿಸೆಂಬರ್ 10ರಂದು ಪ್ರಾಯೋಗಿಕ ಉತ್ಪಾದನೆ ಮುಗಿದು ಯಂತ್ರ ಸರಿಯಾಗಿ ಓಡಿತು. ಆದರೆ ಗ್ರಾಹಕರು ಮಾದರಿಗಳನ್ನು ಒಪ್ಪಿ ಆರ್ಡರ್ ಕೊಡುವಷ್ಟರಲ್ಲಿ ಮಾರ್ಚ್ ಕಳೆದು, ಮೊದಲ ಬಿಲ್ ಆದದ್ದು 2019ರ ಏಪ್ರಿಲಿನಲ್ಲಿ. ಅಲ್ಲಿಯವರೆಗೆ ಆಗಿದ್ದ 24 ಲಕ್ಷ ರೂಪಾಯಿ ಖರ್ಚನ್ನು ಒಂದೇ ಖಾತೆಯಲ್ಲಿ ಬರೆದು ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿಯಂತೆ ತೋರಿಸಿದೆವು. ಆ ವರ್ಷದ ರಿಟರ್ನಿನಲ್ಲಿ ಲಾಭವೂ ಸೊನ್ನೆ, ನಷ್ಟವೂ ಸೊನ್ನೆ. ಮುಂದಿನ ವರ್ಷದಿಂದ ಐದರಲ್ಲಿ ಒಂದು ಪಾಲು, ಅಂದರೆ 4.8 ಲಕ್ಷ ರೂಪಾಯಿಯಂತೆ ಕಳೆಯಲು ಹೊರಟೆವು.

ನನ್ನ ತಪ್ಪು ಐದು ವರ್ಷ ಎಂಬ ಲೆಕ್ಕದಲ್ಲಿ ಇರಲಿಲ್ಲ. ಮೊದಲ ಬಿಲ್ಲಿನ ದಿನವೇ ವ್ಯವಹಾರ ಹುಟ್ಟುವ ದಿನ ಎಂದು ನಂಬಿದ್ದೇ ತಪ್ಪು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯೂ ಅದೇ ನಂಬಿಕೆಯ ಮೇಲೆ ನಿಂತಿದೆ. ಆದಾಯ ತೆರಿಗೆಯ ದೃಷ್ಟಿಯಲ್ಲಿ ವ್ಯವಹಾರ ಸಿದ್ಧವಾಗುವುದು ಬೇರೆ, ಆರಂಭವಾಗುವುದು ಬೇರೆ. ವೆಸ್ಟರ್ನ್ ಇಂಡಿಯಾ ವೆಜಿಟೆಬಲ್ ಪ್ರಾಡಕ್ಟ್ಸ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 1954ರಲ್ಲಿಯೇ ಈ ವ್ಯತ್ಯಾಸವನ್ನು ಬಿಡಿಸಿ ಹೇಳಿದೆ: ವ್ಯವಹಾರ ನಡೆಸಲು ಎಲ್ಲವೂ ಅಣಿಯಾದ ದಿನವೇ ಅದು ಸ್ಥಾಪನೆಯಾದ ದಿನ, ಆ ದಿನಕ್ಕೂ ನಿಜವಾಗಿ ವ್ಯಾಪಾರ ಶುರುವಾಗುವ ದಿನಕ್ಕೂ ನಡುವೆ ಅಂತರವಿದ್ದರೆ, ಆ ಅಂತರದಲ್ಲಿ ಆದ ದೈನಂದಿನ ಖರ್ಚು ಮಾಮೂಲಿ ವ್ಯವಹಾರದ ಖರ್ಚಿನಂತೆಯೇ ಕಳೆಯಲು ಅರ್ಹ. ಸಂಬಳ ಪಡೆಯುವ ಕೆಲಸಗಾರರು, ಓಡುವ ಯಂತ್ರ, ವಿದ್ಯುತ್ ಸಂಪರ್ಕ, ಕಚ್ಚಾಮಾಲು ಎಲ್ಲವೂ ಇದ್ದ ಡಿಸೆಂಬರ್ 10ರಂದೇ ನಮ್ಮ ವ್ಯವಹಾರ ಸ್ಥಾಪನೆಯಾಗಿತ್ತು. ಇರದಿದ್ದದ್ದು ಗ್ರಾಹಕರು ಮಾತ್ರ.

ಹಾಗಾಗಿ ಆ 24 ಲಕ್ಷ ಒಂದೇ ಜಾತಿಯ ಖರ್ಚಾಗಿರಲಿಲ್ಲ. ಯಂತ್ರದ ಸಾಗಣೆ, ಅಡಿಪಾಯ ಮತ್ತು ಜೋಡಣೆಗೆ ಆದ 4 ಲಕ್ಷ, ಯಂತ್ರ ಬಳಕೆಗೆ ಬರುವವರೆಗೆ ಅದರ ಸಾಲಕ್ಕೆ ಕಟ್ಟಿದ 3 ಲಕ್ಷ ಬಡ್ಡಿ, ಪ್ರಾಯೋಗಿಕ ಉತ್ಪಾದನೆಯ 1 ಲಕ್ಷ, ಜೋಡಣೆಯನ್ನು ನಿಂತು ನೋಡಿಕೊಂಡ ತಂತ್ರಜ್ಞರ 1.5 ಲಕ್ಷ ಸಂಬಳ, ಒಟ್ಟು 9.5 ಲಕ್ಷ ರೂಪಾಯಿ ಯಂತ್ರದ ಬೆಲೆಗೇ ಸೇರಿ, ಅದರ ಮೇಲೆ ಸವಕಳಿ ಸಿಗಬೇಕಿತ್ತು. ಬಡ್ಡಿಯ ವಿಷಯವನ್ನು ಸುಪ್ರೀಂ ಕೋರ್ಟ್ ಚಲ್ಲಪಲ್ಲಿ ಶುಗರ್ಸ್ ಪ್ರಕರಣದಲ್ಲಿ 1974ರಷ್ಟು ಹಿಂದೆಯೇ ಇತ್ಯರ್ಥ ಮಾಡಿದೆ. ಡಿಸೆಂಬರ್ 10ರಿಂದ ಮಾರ್ಚ್ 31ರವರೆಗಿನ ಬಾಡಿಗೆ, ಸಂಬಳ, ವಿದ್ಯುತ್, ಜಾಹೀರಾತು ಸೇರಿ 8 ಲಕ್ಷ ಆ ವರ್ಷದ ವ್ಯವಹಾರ ನಷ್ಟವಾಗಬೇಕಿತ್ತು. ಗಡುವಿನೊಳಗೆ ಸಲ್ಲಿಸಿದ ರಿಟರ್ನಿನಲ್ಲಿ ತೋರಿಸಿದ್ದರೆ ಆ ನಷ್ಟವನ್ನು ಮುಂದಿನ 8 ವರ್ಷಗಳ ವ್ಯವಹಾರ ಲಾಭದಲ್ಲಿ ಕಳೆಯಬಹುದಿತ್ತು. ಉಳಿದದ್ದು ಯೋಜನಾ ವರದಿ, ಕರಾರು ಪತ್ರ ಮತ್ತು ಕಂಪನಿ ನೋಂದಣಿಯ 1.5 ಲಕ್ಷ, ಹಾಗೂ ಜೂನಿನಿಂದ ಡಿಸೆಂಬರ್ 10ರವರೆಗಿನ ಬಾಡಿಗೆ ಮತ್ತು ಕಚೇರಿ ಸಂಬಳದ 5 ಲಕ್ಷ.

ನೀವು ಕೇಳುತ್ತಿರುವ ಐದು ವರ್ಷದ ಹಂಚಿಕೆ ಅನ್ವಯವಾಗುವುದು ಆ 1.5 ಲಕ್ಷಕ್ಕೆ ಮಾತ್ರ. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 35ಡಿ ಪ್ರಾಥಮಿಕ ವೆಚ್ಚಗಳ ಒಂದು ಪಟ್ಟಿ ಕೊಡುತ್ತದೆ: ಕಾರ್ಯಸಾಧ್ಯತಾ ವರದಿ, ಯೋಜನಾ ವರದಿ, ಮಾರುಕಟ್ಟೆ ಸಮೀಕ್ಷೆ, ಎಂಜಿನಿಯರಿಂಗ್ ಸೇವೆ, ಕರಾರುಗಳ ಕಾನೂನು ಶುಲ್ಕ, ಕಂಪನಿಯ ನೋಂದಣಿ ಶುಲ್ಕ, ಇಂಥವು. ಅದಕ್ಕೂ ಯೋಜನಾ ವೆಚ್ಚದ ಶೇಕಡಾ 5ರ ಮಿತಿಯಿದೆ. ಕಂಪನಿಯಾದರೆ ಯೋಜನಾ ವೆಚ್ಚದ ಬದಲು ತೊಡಗಿಸಿದ ಬಂಡವಾಳವನ್ನು ಆಧಾರವಾಗಿ ಆರಿಸಿಕೊಳ್ಳಬಹುದು. ಬಾಡಿಗೆ ಮತ್ತು ಸಂಬಳ ಆ ಪಟ್ಟಿಯಲ್ಲಿ ಇಲ್ಲ. ಸ್ಥಾಪನೆಗೆ ಮುಂಚಿನ ನಮ್ಮ ಆ 5 ಲಕ್ಷಕ್ಕೆ ತೆರಿಗೆಯಲ್ಲಿ ಯಾವ ದಾರಿಯೂ ಇರಲಿಲ್ಲ. ಇದು ಕಹಿಯಾದರೂ ಮೊದಲೇ ಗೊತ್ತಿದ್ದರೆ ಶೆಡ್ಡನ್ನು ಯಂತ್ರ ಬರುವುದಕ್ಕೆ ನಾಲ್ಕು ತಿಂಗಳು ಮುಂಚೆ ಬಾಡಿಗೆಗೆ ಹಿಡಿಯುತ್ತಿರಲಿಲ್ಲ. (2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆಗಳು ಬದಲಾಗಿವೆ, ನಾನು ಹಳೆಯ ಸಂಖ್ಯೆಯನ್ನೇ ಬಳಸಿದ್ದೇನೆ.)

ಮುಂದಿನ ವರ್ಷದ ನಮ್ಮ ರಿಟರ್ನ್ ಪರಿಶೀಲನೆಗೆ ಆಯ್ಕೆಯಾದಾಗ ಅಧಿಕಾರಿ 4.8 ಲಕ್ಷದಲ್ಲಿ ಆ 1.5 ಲಕ್ಷದ ಐದನೇ ಒಂದು ಪಾಲಾದ 30,000 ರೂಪಾಯಿ ಮಾತ್ರ ಒಪ್ಪಿ, ಉಳಿದ 4.5 ಲಕ್ಷವನ್ನು ಆದಾಯಕ್ಕೆ ಸೇರಿಸಿದರು. ಹಾಗಾದರೆ ಯಂತ್ರದ ಪಾಲನ್ನಾದರೂ ಸವಕಳಿಗೆ ಪರಿಗಣಿಸಿ ಎಂದು ನಾವು ಅರ್ಜಿ ಕೊಟ್ಟೆವು. ಹೊಸ ಬೇಡಿಕೆಯನ್ನು ತಿದ್ದುಪಡಿ ರಿಟರ್ನಿನ ಮೂಲಕವಲ್ಲದೆ ತಾವು ಪರಿಗಣಿಸುವಂತಿಲ್ಲ ಎಂದು ಅವರು ಉತ್ತರಿಸಿದರು. ಅದು ಸರಿಯಾದ ಉತ್ತರವೇ ಆಗಿತ್ತು, ಗೋಯೆಟ್ಜೆ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದೂ ಅದನ್ನೇ. ತಿದ್ದುಪಡಿಯ ಅವಧಿ ಆಗಲೇ ಮುಗಿದಿತ್ತು. ಮೇಲ್ಮನವಿಯಲ್ಲಿ 9.5 ಲಕ್ಷ ಯಂತ್ರದ ಬೆಲೆಗೆ ಸೇರಿತು. 8 ಲಕ್ಷ ಮಾತ್ರ ದಕ್ಕಲಿಲ್ಲ, ಏಕೆಂದರೆ ಅದು ಹಿಂದಿನ ವರ್ಷಕ್ಕೆ ಸೇರಿದ ನಷ್ಟ, ಮತ್ತು ಆ ವರ್ಷದ ರಿಟರ್ನಿನಲ್ಲಿ ನಾವು ನಷ್ಟವನ್ನೇ ತೋರಿಸಿರಲಿಲ್ಲ. ಶೇಕಡಾ 26ರ ಲೆಕ್ಕದಲ್ಲಿ ಅದರಿಂದ ಉಳಿಯಬೇಕಿದ್ದ ತೆರಿಗೆ 2.08 ಲಕ್ಷ ರೂಪಾಯಿ.

ಖರ್ಚನ್ನು ಬ್ಯಾಲೆನ್ಸ್ ಶೀಟಿನಲ್ಲಿ ಇಟ್ಟರೆ ಮೊದಲ ವರ್ಷದ ಲೆಕ್ಕ ಚೆನ್ನಾಗಿ ಕಾಣುತ್ತದೆ, ಬ್ಯಾಂಕಿಗೆ ನಷ್ಟ ತೋರಿಸಬೇಕಿಲ್ಲ ಎಂದು ನಿಮಗೆ ಯಾರಾದರೂ ಹೇಳಬಹುದು, ನನಗೂ ಹೇಳಿದ್ದರು. ಅದು ಹಳೆಯ ರೂಢಿ. ಈಗಿನ ಲೆಕ್ಕಪತ್ರ ಮಾನದಂಡ 26ರ ಪ್ರಕಾರ ಆರಂಭಪೂರ್ವ ಖರ್ಚು, ತರಬೇತಿ, ಜಾಹೀರಾತು ಇವು ಆದಾಗಲೇ ಲಾಭ-ನಷ್ಟ ಖಾತೆಗೆ ಹೋಗಬೇಕು. ಯಂತ್ರವನ್ನು ಬಳಕೆಯ ಸ್ಥಿತಿಗೆ ತರಲು ನೇರವಾಗಿ ತಗುಲಿದ ವೆಚ್ಚ ಮಾತ್ರ ಯಂತ್ರದ ಜೊತೆ ಉಳಿಯುತ್ತದೆ. ಮೊದಲ ವರ್ಷ ನಷ್ಟ ಕಾಣಲಿ. ಆ ನಷ್ಟ ನಿಮ್ಮ ಹಕ್ಕು, ಅದನ್ನು ಬಚ್ಚಿಡಬೇಡಿ.

ಆದ್ದರಿಂದ ಎಷ್ಟು ವರ್ಷ ಹಂಚುವುದು ಎಂಬ ಪ್ರಶ್ನೆಯನ್ನು ಈಗ ಬಿಟ್ಟುಬಿಡಿ. ನಿಮ್ಮ ಕಾರ್ಖಾನೆ ಯಾವ ದಿನ ಸಿದ್ಧವಾಯಿತು ಎಂಬುದಕ್ಕೆ ಪುರಾವೆ ಕೂಡಿಡಿ. ಮೇಲ್ಮನವಿಯಲ್ಲಿ ನಮ್ಮನ್ನು ಡಿಸೆಂಬರ್ 10ಕ್ಕೆ ಏನು ದಾಖಲೆ ಎಂದು ಕೇಳಿದಾಗ ಯಂತ್ರ ಜೋಡಿಸಿದವರ ಒಂದು ಬಿಲ್ಲಿನ ಹೊರತು ನಮ್ಮಲ್ಲಿ ಏನೂ ಇರಲಿಲ್ಲ. ಪ್ರಾಯೋಗಿಕ ಉತ್ಪಾದನೆ ಮುಗಿದ ದಿನವೇ ಎಷ್ಟು ಕಾಗದ ಬಳಸಿ ಎಷ್ಟು ಪೆಟ್ಟಿಗೆ ಬಂತು ಎಂಬ ದಾಖಲೆಗೆ ಯಂತ್ರ ಪೂರೈಸಿದವರ ಸಹಿ ಪಡೆಯಿರಿ, ಘಟಕ ಸಿದ್ಧವಾಗಿದೆ ಎಂದು ನಿರ್ದೇಶಕರ ಸಭೆಯ ನಡಾವಳಿಯಲ್ಲಿ ಬರೆಸಿರಿ, ಆ ವಾರ ಗ್ರಾಹಕರಿಗೆ ಕಳಿಸಿದ ದರಪಟ್ಟಿ, ಹಾಜರಿ ಪುಸ್ತಕ ಮತ್ತು ವಿದ್ಯುತ್ ಬಿಲ್ಲನ್ನು ಅದರ ಜೊತೆಗೇ ಇಡಿ. ಮರುದಿನದಿಂದ ಆಗುವ ಖರ್ಚಿಗೆ ಲೆಕ್ಕದ ಪುಸ್ತಕದಲ್ಲಿ ಬೇರೆ ಖಾತೆ ತೆರೆಯಿರಿ.