ಸೀರೆ ದೊಡ್ಡಮ್ಮನದು, ಬ್ಲೌಸ್ ನಿಮ್ಮದು

"ಮೇಡಂ, ಮುಂದಿನ ತಿಂಗಳು ಶಿಡ್ಲಘಟ್ಟದಲ್ಲಿ ನಮ್ಮ ದೊಡ್ಡಮ್ಮನ ಮಗಳ ಮದುವೆ. ದೊಡ್ಡಮ್ಮ ನನಗೂ ಒಂದು ತಿಳಿ ಗುಲಾಬಿ ರೇಷ್ಮೆ ಸೀರೆ ತಂದುಕೊಟ್ಟಿದ್ದಾರೆ, ಬೆಳ್ಳಿ ಜರಿ ಅಂಚು. ನನ್ನದು ಎಣ್ಣೆಗಪ್ಪು ಮೈಬಣ್ಣ. ಹೆಗಲ ಮೇಲೆ ಹಾಕಿಕೊಂಡರೆ ಮುಖಕ್ಕೆ ಬೂದಿ ಬಳಿದ ಹಾಗೆ ಕಾಣುತ್ತೆ. ಅಮ್ಮ ನೋಡಿದರೆ ತಿಳಿ ಬಣ್ಣ ಉಟ್ಟರೆ ಬೆಳ್ಳಗೆ ಕಾಣ್ತೀಯ ಅಂತಾರೆ. ಉಡದೇ ಇದ್ದರೆ ದೊಡ್ಡಮ್ಮ ಬೇಜಾರು ಮಾಡ್ಕೋತಾರೆ. ಏನು ಮಾಡಲಿ?"
– ಹೆಸರು ಬೇಡ, ಚಿಕ್ಕಬಳ್ಳಾಪುರ

ಸೀರೆ ಉಡಿ. ಅದರ ಜೊತೆಗೇ ಬಂದಿರುವ ಗುಲಾಬಿ ಬ್ಲೌಸ್ ಪೀಸನ್ನು ಮಾತ್ರ ಹೊಲಿಸಬೇಡಿ.

ಅಮ್ಮನ ಲೆಕ್ಕ ತಲೆಕೆಳಗಾಗಿದೆ. ತೀರಾ ತಿಳಿ ಬಣ್ಣ ಕೊರಳ ಪಕ್ಕದಲ್ಲೇ ಇದ್ದರೆ ಮೈಬಣ್ಣ ಇರುವುದಕ್ಕಿಂತ ಗಾಢವಾಗಿ ಕಾಣುತ್ತದೆ. ಅದರಲ್ಲೂ ಬೂದು ಛಾಯೆಯ ಗುಲಾಬಿ, ಮೇಲೆ ಬೆಳ್ಳಿ ಜರಿ ಅಂದರೆ ಮುಖದ ಕಳೆಯೇ ಇಳಿದುಹೋಗುತ್ತದೆ. ಗಾಢ, ತುಂಬು ಬಣ್ಣ ಪಕ್ಕದಲ್ಲಿದ್ದರೆ ಅದೇ ಮುಖಕ್ಕೆ ಹೊಳಪು ಬರುತ್ತದೆ. ಬೆಳ್ಳಗೆ ಕಾಣುವುದಲ್ಲ, ನಿಮ್ಮ ಬಣ್ಣವೇ ಎದ್ದು ಕಾಣುವುದು. ಮುಖಕ್ಕೆ ಹತ್ತಿರ ಇರುವುದು ಸೀರೆಯ ಮೈಗಿಂತ ಬ್ಲೌಸು. ಹಾಗಾಗಿ ನಿಮ್ಮ ತೊಂದರೆ ಮುಕ್ಕಾಲು ಪಾಲು ಅಲ್ಲೇ ತೀರುತ್ತದೆ.

ಈ ಸೀರೆಗೆ ನಾನು ನೋಡುವುದು ಎರಡೇ ಬಣ್ಣ: ಬಾಟಲ್ ಗ್ರೀನ್, ಇಲ್ಲವೇ ನೇರಳೆ ಹಣ್ಣಿನ ಬಣ್ಣ. ಕಾಫಿ ಕಂದು, ಬಾದಾಮಿ ಬೇಡ, ಅವು ಮೈಬಣ್ಣದಲ್ಲೇ ಕರಗಿಹೋಗುತ್ತವೆ. ಮ್ಯಾಚಿಂಗ್ ಸೆಂಟರಿಗೆ ಸೀರೆಯನ್ನೇ ತೆಗೆದುಕೊಂಡು ಹೋಗಿ. ಫೋನಿನ ಫೋಟೋ ನಂಬಿದರೆ ಕೆಟ್ಟಿರಿ. ಎರಡೂ ಬಟ್ಟೆ ಹಿಡಿದು ಅಂಗಡಿಯ ಟ್ಯೂಬ್‌ಲೈಟಿನಿಂದ ಬಾಗಿಲ ಬೆಳಕಿಗೆ ಬನ್ನಿ. ಒಂದೊಂದನ್ನೇ ಗದ್ದದ ಕೆಳಗೆ ಹಿಡಿದು ಕನ್ನಡಿಯಲ್ಲಿ ಬಟ್ಟೆಯನ್ನಲ್ಲ, ಕಣ್ಣಿನ ಕೆಳಭಾಗ ಮತ್ತು ಬಾಯಿಯ ಸುತ್ತ ನೋಡಿ. ಅಲ್ಲಿ ಕಪ್ಪು ಹೆಚ್ಚಾದಂತೆ ಕಂಡರೆ ಆ ಬಣ್ಣ ಬಿಡಿ, ತಿಳಿಯಾದರೆ ಅದನ್ನೇ ತೆಗೆದುಕೊಳ್ಳಿ. ನಿಮ್ಮದು ಹಳದಿ ಮಿಶ್ರಿತ ಕಪ್ಪಾದರೆ ಹಸಿರೇ ಗೆಲ್ಲಬಹುದು ಅನ್ನಿಸುತ್ತದೆ. ಆದರೆ ಕನ್ನಡಿ ಹೇಳಿದ್ದೇ ಕೊನೆಯ ಮಾತು.

ಬಟ್ಟೆ ರಾ ಸಿಲ್ಕ್ ಇರಲಿ. ಸ್ಯಾಟಿನ್ ವಿಡಿಯೋದವರ ಲೈಟಿಗೆ ಮಿಂಚಿ, ಕಣ್ಣೆಲ್ಲ ಬ್ಲೌಸಿನ ಮೇಲೇ ಹೋಗುತ್ತದೆ. ಮೊಣಕೈ ತೋಳಿಗೆ ಒಂದು ಮೀಟರ್ ತೆಗೆದುಕೊಳ್ಳಿ, ಒಳಗೆ ಕಾಟನ್ ಲೈನಿಂಗ್ ಹಾಕಿಸಿ. ಛತ್ರದ ಸೆಕೆಗೆ ರೇಷ್ಮೆಯ ಮೇಲೆ ಬೆವರಿನ ಕಲೆ ಬೇಗ ಕಾಣುತ್ತದೆ. ಪೌಡರ್ ಬಳಿದು ಮುಖ ಬಿಳಿ ಮಾಡಿಕೊಳ್ಳಲು ಮಾತ್ರ ಹೋಗಬೇಡಿ: ಫ್ಲಾಶ್ ಬಿದ್ದಾಗ ಮುಖ ಒಂದು ಬಣ್ಣ, ಕತ್ತು ಒಂದು ಬಣ್ಣ!

ಇನ್ನು ದೊಡ್ಡಮ್ಮನ ವಿಷಯ. ಸೀರೆಯ ಜೊತೆ ಬಂದ ಪೀಸಿನಲ್ಲಿ ಸಾಮಾನ್ಯವಾಗಿ ಬೆಳ್ಳಿ ಜರಿಯ ಅಂಚು ಇರುತ್ತದೆ. ಅದನ್ನು ಕತ್ತರಿಸಿ ಹೊಸ ಬ್ಲೌಸಿನ ತೋಳಿನ ತುದಿಗೆ ಕೂರಿಸಲು ಟೈಲರಿಗೆ ಹೇಳಿ. ಆಗ ಬ್ಲೌಸು ಸೀರೆಗೆಂದೇ ನೇಯಿಸಿದಂತೆ ಕಾಣುತ್ತದೆ. ದೊಡ್ಡಮ್ಮ ಕೇಳಿದರೆ "ನಿಮ್ಮ ಸೀರೆ ಅಂಚೇ ದೊಡ್ಡಮ್ಮ, ನೋಡಿ" ಅಂತ ತೋಳು ಮುಂದೆ ಮಾಡಿ. ಮದುವೆ ಸೀಸನ್ನಿನಲ್ಲಿ ಟೈಲರುಗಳು ಕೈಗೆ ಸಿಗುವುದಿಲ್ಲ, ಈ ವಾರವೇ ಕೊಟ್ಟುಬಿಡಿ.