ಸೇಲ್‌ನಿಂದ ಬಂದ ಗ್ರಾಹಕರು ನಿಜಕ್ಕೂ ಮತ್ತೆ ಕೊಳ್ಳುತ್ತಾರೆಯೇ?

ಪ್ರಶ್ನೆ: ಆನ್‌ಲೈನ್‌ನಲ್ಲಿ ಬಟ್ಟೆ ಮಾರುತ್ತೇನೆ. ಅರ್ಧ ಬೆಲೆಯ ಸೇಲ್‌ಗೆ ಬಂದವರು ಹೆಚ್ಚು ಸಲ ಮತ್ತೆ ಕೊಳ್ಳುತ್ತಾರೆ, ವಾಪಸ್ ಮಾಡುವುದೂ ಕಡಿಮೆ ಎಂದು ರಿಪೋರ್ಟ್ ತೋರಿಸುತ್ತಿದೆ. ಪೂರ್ಣ ಬೆಲೆಯ ಜಾಹೀರಾತು ನಿಲ್ಲಿಸಿಬಿಡಲೇ?

ಈಗಲೇ ನಿಲ್ಲಿಸಬೇಡಿ. ಆ ರಿಪೋರ್ಟ್ ಯಾರನ್ನು ಸೇಲ್‌ನ ಗ್ರಾಹಕರೆಂದು ಎಣಿಸಿದೆ ಎಂಬುದನ್ನು ಮೊದಲು ನೋಡಿ. ನಾನು ಹತ್ತಿ ಕುರ್ತಾಗಳನ್ನು ನನ್ನದೇ ವೆಬ್‌ಸೈಟ್‌ನಲ್ಲಿ ಮಾರುತ್ತೇನೆ. ಒಂದು ದೀಪಾವಳಿಗೆ ಅರ್ಧ ಬೆಲೆಯ ಸೇಲ್ ನಡೆಸಿದಾಗ ನನಗೂ ಇಂಥದ್ದೇ ರಿಪೋರ್ಟ್ ಬಂದಿತ್ತು. ಸೇಲ್‌ನ ಕೂಪನ್ ಬಳಸಿದ 520 ಗ್ರಾಹಕರಲ್ಲಿ 161 ಮಂದಿ, ಅಂದರೆ ಶೇ 31ರಷ್ಟು ಜನ ಮತ್ತೆ ಕೊಂಡಿದ್ದರು. ಅದೇ ತಿಂಗಳು ಜಾಹೀರಾತು ನೋಡಿ ಪೂರ್ಣ ಬೆಲೆ ಕೊಟ್ಟ 400 ಹೊಸ ಗ್ರಾಹಕರಲ್ಲಿ ಮತ್ತೆ ಕೊಂಡವರು 96, ಶೇ 24 ಮಾತ್ರ.

ಅನುಮಾನ ಬಂದು ಆರ್ಡರ್‌ಗಳ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿಕೊಂಡು ಫೋನ್ ನಂಬರ್‌ಗಳನ್ನು ತಾಳೆ ನೋಡಿದೆ. ಇಮೇಲ್ ನೋಡಿದರೆ ಸಾಲದು, ಏಕೆಂದರೆ ‘ಮೊದಲ ಆರ್ಡರ್‌ಗೆ ರಿಯಾಯಿತಿ’ ಎಂದಿದ್ದರೆ ಹಳಬರೇ ಬೇರೆ ಇಮೇಲ್ ಕೊಟ್ಟು ಹೊಸಬರಾಗಿ ಬರುತ್ತಾರೆ, ಆದರೆ ಕೊರಿಯರ್‌ನವರು ಕರೆ ಮಾಡಬೇಕಾದ್ದರಿಂದ ಫೋನ್ ನಂಬರ್ ಮಾತ್ರ ಸಾಮಾನ್ಯವಾಗಿ ಹಳೆಯದೇ ಇರುತ್ತದೆ. ನಂಬರ್‌ನ ಮುಂದಿನ +91, ಸೊನ್ನೆ, ನಡುವಿನ ಖಾಲಿ ಜಾಗ ಎಲ್ಲವನ್ನೂ ತೆಗೆದು ಕೊನೆಯ ಹತ್ತು ಅಂಕಿಗಳನ್ನು ಹೋಲಿಸಿದಾಗ, ಆ 520ರಲ್ಲಿ 120 ಮಂದಿ ಮೊದಲೇ ನನ್ನಲ್ಲಿ ಕೊಂಡಿದ್ದವರೆಂದು ತಿಳಿಯಿತು. ಸೇಲ್ ಅವರನ್ನು ಗಳಿಸಿಕೊಟ್ಟಿರಲಿಲ್ಲ. ಮತ್ತೆ ಕೊಂಡ 161ರಲ್ಲಿ 84 ಮಂದಿ ಈ ಹಳಬರೇ.

ಉಳಿದ 77ರಲ್ಲಿ ಇನ್ನೊಂದು ತಪ್ಪಿತ್ತು. ಅಳತೆ ಸರಿಹೋಗದೆ ಎಂ ಬದಲು ಎಲ್ ಕೇಳಿದವರಿಗೆ ನಾವು ಸೊನ್ನೆ ರೂಪಾಯಿಯ ಹೊಸ ಆರ್ಡರ್ ತೆರೆದು ಕಳಿಸುತ್ತಿದ್ದೆವು, ರಿಪೋರ್ಟ್ ಅದನ್ನು ಎರಡನೆಯ ಖರೀದಿಯೆಂದು ಎಣಿಸಿತ್ತು. 21 ಮಂದಿಯ ಎರಡನೆಯ ಖರೀದಿ ಎಂದರೆ ಇಂಥ ಎಕ್ಸ್‌ಚೇಂಜ್ ಅಷ್ಟೇ. ಅವರನ್ನೂ ಕಳೆದರೆ 400 ಹೊಸಬರಲ್ಲಿ ನಿಜವಾಗಿ ಮತ್ತೆ ಕೊಂಡವರು 56, ಶೇ 14. ಪೂರ್ಣ ಬೆಲೆಯವರಲ್ಲಿ ಎಕ್ಸ್‌ಚೇಂಜ್ 8 ಮಾತ್ರ ಇದ್ದುದರಿಂದ ಅಲ್ಲಿ 88 ಉಳಿಯಿತು, ಶೇ 22. ಎರಡೂ ಕಡೆ ಪಾರ್ಸೆಲ್ ತಲುಪಿದ ದಿನದಿಂದ 90 ದಿನಗಳನ್ನೇ ಎಣಿಸಿದ್ದೆ. ಒಂದು ಗುಂಪಿಗೆ ಆರು ತಿಂಗಳು, ಇನ್ನೊಂದಕ್ಕೆ ಎರಡು ತಿಂಗಳು ಸಿಕ್ಕಿದ್ದರೆ ಈ ಹೋಲಿಕೆಯೇ ನಿಲ್ಲುವುದಿಲ್ಲ.

ಮತ್ತೆ ಕೊಂಡಾಗ ಕೊಟ್ಟ ಬೆಲೆಯನ್ನೂ ದಯವಿಟ್ಟು ನೋಡಿ. ನನಗೆ ಎಲ್ಲಕ್ಕಿಂತ ಹೆಚ್ಚು ಬುದ್ಧಿ ಕಲಿಸಿದ್ದು ಇದು. ಸೇಲ್‌ನ 56 ಮಂದಿಯಲ್ಲಿ 41 ಮಂದಿ ಸಂಕ್ರಾಂತಿಯ ಕೂಪನ್ ಬರುವವರೆಗೆ ಕಾದು ಆಮೇಲೆ ಕೊಂಡಿದ್ದರು, ಪೂರ್ಣ ಬೆಲೆ ಕೊಟ್ಟವರು 15 ಮಾತ್ರ. ಇನ್ನೊಂದು ಗುಂಪಿನ 88ರಲ್ಲಿ ಕೂಪನ್‌ನಿಂದ ಕೊಂಡವರು 19, ಉಳಿದ 69 ಮಂದಿ ಪೂರ್ಣ ಬೆಲೆಯನ್ನೇ ಕೊಟ್ಟಿದ್ದರು.

ರಿಫಂಡ್‌ನ ಲೆಕ್ಕವೂ ಮೇಲ್ನೋಟಕ್ಕೆ ಸೇಲ್‌ನ ಪರವಾಗಿತ್ತು. ಅಲ್ಲಿ 400ಕ್ಕೆ 32, ಶೇ 8. ಪೂರ್ಣ ಬೆಲೆಯಲ್ಲಿ 48, ಶೇ 12. ಆದರೆ ಸೇಲ್‌ನ 400 ಆರ್ಡರ್‌ಗಳಲ್ಲಿ 250 ‘ವಾಪಸ್ ಇಲ್ಲ’ ಎಂದು ಬರೆದು ಮಾರಿದ ಹಳೆಯ ಸ್ಟಾಕ್ ಆಗಿತ್ತು. ಅದರಲ್ಲಿ ಹೊಲಿಗೆ ಬಿಟ್ಟಿದ್ದ ಎರಡಕ್ಕೆ ಮಾತ್ರ ಹಣ ಹಿಂತಿರುಗಿಸಿದ್ದೆ. ವಾಪಸ್ ಮಾಡಲು ಅವಕಾಶವಿದ್ದ 150ರಲ್ಲಿ 30 ಹಿಂದಕ್ಕೆ ಬಂದವು, ಅಂದರೆ ಶೇ 20. ಅವುಗಳ ಚೀಟಿ ನೋಡಿದರೆ ಹೆಚ್ಚಿನವರು ಒಂದೇ ಕುರ್ತಾವನ್ನು ಎರಡು ಅಳತೆಗಳಲ್ಲಿ ತರಿಸಿ, ಸರಿಹೋದದ್ದನ್ನು ಇಟ್ಟುಕೊಂಡು ಇನ್ನೊಂದನ್ನು ಕಳಿಸಿದ್ದರು. ಕ್ಯಾಶ್ ಆನ್ ಡೆಲಿವರಿಯಲ್ಲಿ ಬಾಗಿಲಲ್ಲೇ ಬೇಡವೆಂದವರು ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ, ಏಕೆಂದರೆ ನಮಗೆ ಹಣ ಬಂದೇ ಇರುವುದಿಲ್ಲ. ಆದರೆ ಹೋಗಿಬರುವ ಕೊರಿಯರ್ ಖರ್ಚು ನಮ್ಮದೇ ಆದ್ದರಿಂದ ಅವರನ್ನು ಬೇರೊಂದು ಕಾಲಂನಲ್ಲಿ ಬರೆದಿಡಿ.

ಇಷ್ಟಾದರೂ, ರಿಯಾಯಿತಿಯೇ ಗ್ರಾಹಕರನ್ನು ಕೆಡಿಸುತ್ತದೆ ಎಂದು ಈ ಅಂಕಿಗಳಿಂದ ಹೇಳಲಾಗದು. ಸೇಲ್‌ಗೆ ಬರುವವರೇ ಬೇರೆ ಬಗೆಯವರಿರಬಹುದು. ಅದನ್ನು ತಿಳಿಯಬೇಕಾದರೆ ಜಾಹೀರಾತು ಒಂದೇ ಇರಲಿ, ಅದನ್ನು ಒತ್ತಿ ಒಳಗೆ ಬಂದವರಲ್ಲಿ ಚೀಟಿ ಎತ್ತಿದಂತೆ ಅರ್ಧದಷ್ಟು ಜನರಿಗೆ ಮಾತ್ರ ಕೂಪನ್ ಕಾಣಿಸಲಿ. ಕೊನೆಗೆ ಒಳಗೆ ಬಂದ ಪ್ರತಿ ಸಾವಿರ ಮಂದಿಗೆ, ರಿಫಂಡ್ ಮತ್ತು ಕೊರಿಯರ್ ಕಳೆದು, 90 ದಿನಗಳಲ್ಲಿ ಕೈಯಲ್ಲಿ ಎಷ್ಟು ಉಳಿಯಿತು ಎಂದು ಎರಡೂ ಕಡೆ ಲೆಕ್ಕ ಹಾಕಿ. ಗುಂಪಿಗೆ 400 ಖರೀದಿದಾರರಿದ್ದರೆ ಶೇ 22ಕ್ಕೂ 14ಕ್ಕೂ ಇರುವಷ್ಟು ಅಂತರವನ್ನು ನಂಬಬಹುದು. 40 ಮಂದಿಯಷ್ಟೇ ಇದ್ದರೆ ಅಷ್ಟು ಅಂತರ ಆಕಸ್ಮಿಕವಾಗಿಯೂ ಬರುತ್ತದೆ, ಆಗ ಇನ್ನೊಂದು ಹಬ್ಬದವರೆಗೆ ಕಾಯುವುದೇ ಸರಿ.