ಹೆಸರಿನ ವ್ಯತ್ಯಾಸಕ್ಕೆ ವಿಧವಾ ವೇತನ ತಿರಸ್ಕೃತ: ಮೇಲ್ಮನವಿ ಬರೆಯುವ ಬಗೆ

«ಆಧಾರ್‌ನಲ್ಲಿ ಅಮ್ಮನ ಹೆಸರು ಹುಲಿಗೆಮ್ಮ, ಪಡಿತರ ಚೀಟಿಯಲ್ಲಿ ಹುಲಿಗೆವ್ವ. ಗಂಗಾವತಿ ತಹಶೀಲ್ದಾರರು ವಿಧವಾ ವೇತನದ ಅರ್ಜಿ ತಿರಸ್ಕರಿಸಿದ್ದಾರೆ. ಮೇಲ್ಮನವಿಯಲ್ಲಿ ಏನು ಬರೆಯಲಿ?»

ಮೊದಲು ತಿರಸ್ಕಾರದ ದಿನಾಂಕ ನೋಡಿ. ಸಕಾಲ ಕಾಯ್ದೆಯಡಿ ಮೇಲ್ಮನವಿಗೆ 30 ದಿನಗಳ ಗಡುವಿದೆ. ಪತ್ರ ಕೊಪ್ಪಳದ ಉಪವಿಭಾಗಾಧಿಕಾರಿಗಳಿಗೆ ಹೋಗಬೇಕು.

ಬಡತನ, ಕಷ್ಟಗಳನ್ನೇ ಪುಟಗಟ್ಟಲೆ ಬರೆಯಬೇಡಿ. ತಿರಸ್ಕಾರದ ಕಾರಣ ಹೆಸರು. ಉತ್ತರವೂ ಅದಕ್ಕೇ ಇರಲಿ. ಅರ್ಜಿಯ ಸಕಾಲ ಸಂಖ್ಯೆ ಬರೆದು, ಹೀಗೆ ಆರಂಭಿಸಿ: «ಆಧಾರ್‌ನಲ್ಲಿರುವ ಹುಲಿಗೆಮ್ಮ ಹಾಗೂ ಪಡಿತರ ಚೀಟಿಯಲ್ಲಿರುವ ಹುಲಿಗೆವ್ವ ಇಬ್ಬರೂ ನಾನೇ.» ಕೊನೆಗೆ ಅಮ್ಮನದೇ ಸಹಿ ಅಥವಾ ಹೆಬ್ಬೆಟ್ಟು ಇರಲಿ.

ನಿಮ್ಮ ಬಲವಾದ ಸಾಕ್ಷಿ ಪಡಿತರ ಚೀಟಿಯೇ. ಅದಕ್ಕೆ ಅಮ್ಮನ ಆಧಾರ್ ಜೋಡಣೆಯಾಗಿದ್ದರೆ, ನ್ಯಾಯಬೆಲೆ ಅಂಗಡಿಯಲ್ಲಿ ಅವರ ಬೆರಳಚ್ಚಿಗೆ ಅಕ್ಕಿ ಸಿಗುತ್ತಿದ್ದರೆ, ಕಾಗುಣಿತ ಬೇರೆಯಾದರೂ ವ್ಯಕ್ತಿ ಒಬ್ಬರೇ ಎಂದು ಸರ್ಕಾರದ ದಾಖಲೆಯೇ ಹೇಳುತ್ತಿದೆ. ಇದನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿರಿ. ಜೊತೆಗೆ ಎರಡೂ ಹೆಸರು ಹೇಳುವ, ನೋಟರಿ ಮಾಡಿಸಿದ ಅಫಿಡವಿಟ್ ಲಗತ್ತಿಸಿ. ತಂದೆಯವರ ಮರಣ ಪ್ರಮಾಣಪತ್ರದಲ್ಲಿ ಪತ್ನಿಯ ಹೆಸರು ಹೇಗಿದೆ ಎಂದೂ ನೋಡಿ. ಮೂರನೆಯ ರೂಪವಿದ್ದರೆ ಅಫಿಡವಿಟ್‌ನಲ್ಲಿ ಅದನ್ನೂ ಸೇರಿಸಿ.

ಗಾಬರಿಯಲ್ಲಿ ಆಧಾರ್ ಹೆಸರು ಬದಲಿಸಬೇಡಿ. ಬ್ಯಾಂಕ್ ಖಾತೆ ಅದಕ್ಕೆ ಹೊಂದಿಕೊಂಡಿದ್ದರೆ ಹೊಸ ತೊಡಕು ಹುಟ್ಟುತ್ತದೆ. ಪಡಿತರ ಚೀಟಿಯನ್ನೇ ಆಧಾರ್‌ನಂತೆ ತಿದ್ದಿಸಿ, ತಿದ್ದುಪಡಿ ಅರ್ಜಿಯ ಸ್ವೀಕೃತಿಯನ್ನು ಪತ್ರಕ್ಕೆ ಸೇರಿಸಿ. ಮೇಲ್ಮನವಿಯ ಪ್ರತಿಗೆ ಕಚೇರಿಯ ಮೊಹರು ಹಾಕಿಸಿಕೊಳ್ಳಿ.